ಹಿರಿಯರ ಪಾದಯಾತ್ರೆ: ದಿನಕ್ಕೆಷ್ಟು ದೂರ ಎಂಬ ಲೆಕ್ಕ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವ ತಂಡಗಳು ದಿನದ ದೂರವನ್ನು ಹೇಗೆ ಗೊತ್ತುಮಾಡುತ್ತವೆ ಎಂಬಲ್ಲಿಂದಲೇ ಶುರುಮಾಡೋಣ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಬಂದು, ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿದರೆ ಸುಮಾರು 300 ಕಿ.ಮೀ. ಆಗುತ್ತದೆ. ಜಾಗರಣೆಯ ರಾತ್ರಿ ಅಲ್ಲಿರಬೇಕು, ಸಿಕ್ಕಿರುವ ರಜೆ ಎಂಟು ದಿನ. 300ನ್ನು 8ರಿಂದ ಭಾಗಿಸಿದರೆ ಸುಮಾರು 38 ಬರುತ್ತದೆ. ತಂಡದಲ್ಲಿರುವ ಮೂವತ್ತರ ಹುಡುಗರೂ ಅಷ್ಟು ನಡೆಯುತ್ತಾರೆ, ಅವರ ಜೊತೆ ಹೊರಟ ಅರವತ್ತೆಂಟರ ತಂದೆಯೂ ಅಷ್ಟೇ ನಡೆಯಬೇಕಾಗುತ್ತದೆ. ಈ ಲೆಕ್ಕದಲ್ಲಿ ದಾರಿ ಇದೆ, ರಜೆ ಇದೆ, ನಡೆಯುವವರ ಕಾಲು ಮಾತ್ರ ಇಲ್ಲ.

ಇದನ್ನು ತಲೆಕೆಳಗು ಮಾಡಬೇಕು ಎಂಬುದೇ ಈ ಉಪನ್ಯಾಸದ ಮಾತು. ಮೊದಲು ಆ ವ್ಯಕ್ತಿ ದಿನಕ್ಕೆ ಎಷ್ಟು ನಡೆಯಬಲ್ಲರು ಎಂದು ಅಳೆಯಿರಿ, ಅದರಿಂದ ದಿನಗಳನ್ನು ಲೆಕ್ಕ ಹಾಕಿ. ದಿನಗಳು ಸಾಲದಿದ್ದರೆ ದಾರಿಯನ್ನು ಮೊಟಕುಮಾಡಿ. ದಿನದ ದೂರವನ್ನು ಮಾತ್ರ ಹಿಗ್ಗಿಸಬೇಡಿ.

ಅಳೆಯುವುದು ಎಂದರೆ ಏನು? "ನಾನು ದಿನಾ ಪಾರ್ಕಿನಲ್ಲಿ ಒಂದು ಗಂಟೆ ನಡೀತೀನಿ" ಎಂಬುದು ಅಳತೆಯಲ್ಲ. ಮೊಬೈಲು ತೋರಿಸುವ ಕಿ.ಮೀ.ಯನ್ನೂ ಹಾಗೇ ನಂಬಬೇಡಿ. ಅದು ಹೆಜ್ಜೆ ಎಣಿಸಿ, ಹೆಜ್ಜೆಯ ಉದ್ದವನ್ನು ತಾನೇ ಊಹಿಸಿಕೊಂಡು ದೂರ ಹೇಳುವ ಸಂದರ್ಭವೇ ಹೆಚ್ಚು. ವಯಸ್ಸಾದಂತೆ ಹೆಜ್ಜೆ ಗಿಡ್ಡವಾಗುವುದರಿಂದ ಅದರ ಲೆಕ್ಕ ನಿಜಕ್ಕಿಂತ ಉದ್ದ ಬರಬಹುದು. ಶಾಲೆಯ ಮೈದಾನದಲ್ಲೋ ರಸ್ತೆಯಲ್ಲೋ 100 ಮೀಟರ್ ಗುರುತು ಮಾಡಿ, ಅವರ ಸಹಜ ನಡಿಗೆಯಲ್ಲಿ ಹೆಜ್ಜೆ ಎಣಿಸಿ. 165 ಹೆಜ್ಜೆ ಬಂದರೆ ಒಂದು ಹೆಜ್ಜೆ ಸುಮಾರು 60 ಸೆಂಟಿಮೀಟರ್, ಒಂದು ಕಿ.ಮೀ.ಗೆ 1650 ಹೆಜ್ಜೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಆಧಾರ.

ಆಮೇಲೆ ನಮಗೆ ಬೇಕಾದ ಒಂದೇ ಒಂದು ಸಂಖ್ಯೆಯನ್ನು ಹುಡುಕಬೇಕು. ಅದು ಅವರು ಒಂದು ದಿನ ನಡೆಯಬಲ್ಲ ಅತಿ ಹೆಚ್ಚು ದೂರವಲ್ಲ. ಹಟ ಹಿಡಿದರೆ ಎಪ್ಪತ್ತರ ಅಜ್ಜಿಯೂ ಒಂದು ದಿನ 25 ಕಿ.ಮೀ. ನಡೆದುಬಿಡುತ್ತಾರೆ, ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ. ಸತತ ಎರಡು ದಿನ ಒಂದೇ ದೂರ ನಡೆದು, ಮೂರನೆಯ ಬೆಳಿಗ್ಗೆ ಎಂದಿನಂತೆ ಎದ್ದು ಓಡಾಡುವಂತಿದ್ದರೆ ಆ ದೂರವೇ ನಮ್ಮ ಸಂಖ್ಯೆ. ಅದನ್ನು 'ತಳದ ದೂರ' ಎಂದು ಕರೆಯೋಣ. ಮೂರನೆಯ ಬೆಳಿಗ್ಗೆಯನ್ನು ಪರೀಕ್ಷೆ ಮಾಡುವುದು ಹೀಗೆ. ಹಾಸಿಗೆಯಿಂದ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡಬೇಕು. ಹತ್ತು ಮೆಟ್ಟಿಲನ್ನು ಕಂಬಿ ಹಿಡಿಯದೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಇಳಿಯಲಾಗಬೇಕು. ಎರಡೂ ಪಾದವನ್ನು ಒಂದೇ ಮೆಟ್ಟಿಲಿನ ಮೇಲೆ ಕೂಡಿಸಿಕೊಂಡು ಇಳಿಯುವವರಿಗೆ ಆ ದೂರ ಹೆಚ್ಚಾಯಿತು ಎಂದರ್ಥ. ಮೊದಲಿನಿಂದಲೂ ಹಾಗೇ ಇಳಿಯುವವರಾದರೆ ಅವರ ಎಂದಿನ ಸ್ಥಿತಿಯ ಜೊತೆ ಹೋಲಿಸಿ.

ಮೂರನೆಯ ದಿನವೇ ಯಾಕೆ ಎಂದರೆ, ರೂಢಿಯಿಲ್ಲದ ಶ್ರಮದ ಸ್ನಾಯು ನೋವು ಅಂದೇ ಬರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಅದು ತುತ್ತತುದಿಗೆ ಏರುತ್ತದೆ. ಮೊದಲ ದಿನದ ಸಂಜೆ "ಏನೂ ಆಗಿಲ್ಲ" ಅನ್ನುವುದು ನಿಜವೇ, ಆದರೆ ಆ ನಿಜಕ್ಕೆ ಬೆಲೆ ಕಮ್ಮಿ. ಪಾದಯಾತ್ರೆಗಳಲ್ಲಿ ಜನ ಮೂರನೆಯ ದಿನ ಬೀಳುವುದಕ್ಕೆ ಕಾರಣವೂ ಇದೇ. ಮೊದಲೆರಡು ದಿನದ ಸಾಲ ಒಟ್ಟಿಗೇ ವಸೂಲಾಗುತ್ತದೆ.

ಎಂಟರಿಂದ ಹತ್ತು ವಾರ ಮೊದಲೇ ಶುರುಮಾಡಿದರೆ ತಳದ ದೂರವನ್ನು ನಿಧಾನವಾಗಿ ಮೇಲೆ ತರಬಹುದು. ಇವತ್ತು 4 ಕಿ.ಮೀ. ಇದ್ದರೆ ವಾರಕ್ಕೆ ಅರ್ಧ ಅಥವಾ ಒಂದು ಕಿ.ಮೀ. ಸೇರಿಸಿ. ನಾಲ್ಕನೆಯ ವಾರ ಏನೂ ಸೇರಿಸದೆ ಸ್ವಲ್ಪ ಇಳಿಸಿ. ಯಾತ್ರೆಗೆ ಹದಿನೈದು ದಿನ ಇರುವಾಗ ತಳದ ದೂರ ಎಷ್ಟಿದೆಯೋ ಅದೇ ಕೊನೆಯ ಸಂಖ್ಯೆ. ಕೊನೆಯ ವಾರ ಅವಸರದಿಂದ ಏರಿಸಲು ಹೋದವರು ನೋವು ಹೊತ್ತುಕೊಂಡೇ ಹೊರಡುತ್ತಾರೆ.

ಯಾತ್ರೆಯಲ್ಲಿ ಆ ತಳದ ದೂರವನ್ನೂ ಪೂರ್ತಿ ಬಳಸುವುದಿಲ್ಲ. ಮನೆಯಲ್ಲಿ ಅಳೆದದ್ದು ಮನೆಯ ನಿದ್ದೆ, ಮನೆಯ ಊಟ, ಮನೆಯ ಶೌಚಾಲಯದ ಜೊತೆ. ಛತ್ರದ ನೆಲದ ಮೇಲೆ ಮಲಗಿ, ಭಜನೆಯ ಮೈಕಿನ ನಡುವೆ ನಾಲ್ಕು ಗಂಟೆ ನಿದ್ದೆ ಮಾಡಿದ ದೇಹ ಅದಲ್ಲ. ಆದ್ದರಿಂದ ಮೊದಲ ಮೂರು ದಿನ ತಳದ ದೂರದ ಹತ್ತರಲ್ಲಿ ಏಳು ಭಾಗ ಸಾಕು. ಮೂರು ಬೆಳಿಗ್ಗೆಯೂ ಸರಿಯಿದ್ದರೆ ಮುಂದೆ ಏರಿಸುತ್ತಾ ಹೋಗಬಹುದು, ತಳದ ದೂರವನ್ನು ಮೀರುವಂತಿಲ್ಲ. ಈ ಏಳು ಭಾಗ ಎನ್ನುವುದು ವೈದ್ಯಶಾಸ್ತ್ರದ ನಿಯಮವಲ್ಲ, ರೂಢಿಯ ಲೆಕ್ಕ. ಎಂಟು ಭಾಗ ಮಾಡಿದರೆ ಆಕಾಶ ಕಳಚಿ ಬೀಳುವುದಿಲ್ಲ. ಪೂರ್ತಿ ಹತ್ತರಿಂದ ಶುರುಮಾಡುವುದು ಮಾತ್ರ ತಪ್ಪು.

ಎರಡನೆಯ ಮಿತಿ ಹೊತ್ತಿನದು. ಹಿರಿಯರು ಸಮತಟ್ಟು ಡಾಂಬರು ರಸ್ತೆಯಲ್ಲಿ ಗಂಟೆಗೆ 3.5ರಿಂದ 4 ಕಿ.ಮೀ. ನಡೆಯುತ್ತಾರೆ. ಗಂಟೆಗೊಮ್ಮೆ ಹತ್ತು ನಿಮಿಷ ಕೂತು, ನೀರು ಕುಡಿದು, ಚಪ್ಪಲಿಗೆ ಸಿಕ್ಕ ಕಲ್ಲು ತೆಗೆದು, ಪರಿಚಯದವರ ಜೊತೆ ಎರಡು ಮಾತಾಡಿ ಮುಂದುವರಿದರೆ ನಿಜವಾದ ವೇಗ ಗಂಟೆಗೆ 3 ಕಿ.ಮೀ. ಮಾತ್ರ. ಯೋಜನೆಯನ್ನು ಈ 3ರಲ್ಲೇ ಮಾಡಿ. ಶಿವರಾತ್ರಿ ಬರುವುದು ಫೆಬ್ರವರಿ ಅಥವಾ ಮಾರ್ಚಿನಲ್ಲಿ. ಬಯಲುಸೀಮೆಯ ರಸ್ತೆ ಹತ್ತು ಗಂಟೆಗೆಲ್ಲ ಕಾಯಲು ಶುರುವಾಗುತ್ತದೆ, ಮಧ್ಯಾಹ್ನದ ಡಾಂಬರು 50 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಐದೂವರೆಗೆ ಹೊರಟು ಹತ್ತಕ್ಕೆ ನಿಲ್ಲಿಸಿದರೆ ಸಿಗುವುದು ನಾಲ್ಕೂವರೆ ಗಂಟೆ, ಅಂದರೆ ಸುಮಾರು 13 ಕಿ.ಮೀ. ತಳದ ದೂರ ಎಷ್ಟೇ ದೊಡ್ಡದಿರಲಿ, ಬೆಳಗಿನ ನಡಿಗೆಗೆ ಇದೇ ಕಡೆ.

ಸಂಜೆ ಒಂದೂವರೆ ಗಂಟೆ ಮತ್ತೆ ನಡೆಯಬಹುದಲ್ಲ ಎಂದು ಕೇಳುತ್ತೀರಿ. ತಳದ ದೂರದಲ್ಲಿ ಇನ್ನೂ ಉಳಿದಿದ್ದರೆ ನಡೆಯಬಹುದು. ಆದರೆ ಏನಾದರೂ ಕಡಿತ ಮಾಡಬೇಕಾದರೆ ಮೊದಲು ಹೋಗಬೇಕಾದ್ದು ಸಂಜೆಯದೇ. ದಣಿದ ಕಾಲು ನೆಲದಿಂದ ಕಡಿಮೆ ಎತ್ತರಕ್ಕೆ ಏಳುತ್ತದೆ. ರಸ್ತೆಯಂಚು ಮಣ್ಣಿಗಿಂತ ಎರಡಿಂಚು ಎತ್ತರವಿದ್ದರೂ ಸಾಕು, ಎಡವುತ್ತಾರೆ. ಅದರ ಮೇಲೆ ಮಬ್ಬುಗತ್ತಲು, ಎದುರಿನಿಂದ ಲಾರಿಗಳ ಬೆಳಕು. ಬಿಸಿಲು ತಪ್ಪಿಸಲು ರಾತ್ರಿಯಿಡೀ ನಡೆಯುವ ತಂಡಗಳಿವೆ. ಕಣ್ಣಿಗೆ ಪೊರೆ ಬಂದವರನ್ನು, ರಾತ್ರಿ ಎರಡು ಸಲ ಮೂತ್ರಕ್ಕೆ ಏಳುವವರನ್ನು ಅಂಥ ತಂಡದ ಜೊತೆ ಕಳಿಸುವುದು ಬೇಡ. ಬೆಳಗಿನ ಮೊದಲ ಗಂಟೆಯೂ ಕತ್ತಲೆಯದ್ದೇ ಆದ್ದರಿಂದ ಹೊಳೆಯುವ ಪಟ್ಟಿಯ ಜಾಕೆಟ್ಟು, ಕೈಯಲ್ಲಿ ಟಾರ್ಚು, ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿ, ಈ ಮೂರೂ ಬೇಕು.

ಇನ್ನು ಚಾರ್ಮಾಡಿ. ಈ ದಾರಿಯ ಕಷ್ಟ ಅಲ್ಲೇ ಇದೆ, ಮತ್ತು ಹೆಚ್ಚಿನವರು ಅದನ್ನು ಸುಲಭದ ದಿನ ಎಂದು ಎಣಿಸುತ್ತಾರೆ. "ಇಳಿಜಾರು ತಾನೇ, ತಾನಾಗಿ ಕಾಲು ಹೋಗುತ್ತೆ" ಎನ್ನುವ ಮಾತು ಪ್ರತಿ ತಂಡದಲ್ಲೂ ಕೇಳಿಬರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನ ತನಕ ಇಪ್ಪತ್ತು ಕಿ.ಮೀ.ಗೂ ಹೆಚ್ಚಿನ ತಿರುವುಗಳ ರಸ್ತೆಯಲ್ಲಿ ಏಳುನೂರು ಮೀಟರ್ ಮೇಲ್ಪಟ್ಟು ಕೆಳಗಿಳಿಯುತ್ತೇವೆ. ಏರುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತಾ, ಹಿಗ್ಗುತ್ತಾ ಕೆಲಸ ಮಾಡಬೇಕು. ಹೀಗೆ ಹಿಗ್ಗುತ್ತಾ ತಡೆಯುವ ಕೆಲಸದಲ್ಲೇ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು. ಮಂಡಿಚಿಪ್ಪು ತೊಡೆಮೂಳೆಗೆ ಒತ್ತುವುದೂ ಇಳಿಯುವಾಗಲೇ ಜಾಸ್ತಿ. ಪಾದ ಶೂಗಳೊಳಗೆ ಮುಂದಕ್ಕೆ ಜಾರಿ ಬೆರಳಿನ ಉಗುರು ಕಪ್ಪಾಗುತ್ತದೆ.

ಮೋಸ ಎಲ್ಲಿದೆ ಎಂದರೆ, ಇಳಿಯುವಾಗ ಏದುಸಿರು ಬರುವುದಿಲ್ಲ. ಹತ್ತುವಾಗ ಉಸಿರೇ ನಮ್ಮನ್ನು ನಿಲ್ಲಿಸುತ್ತದೆ. ಇಳಿಯುವಾಗ ಹಾಗೆ ನಿಲ್ಲಿಸುವವರು ಯಾರೂ ಇಲ್ಲ, ತೊಡೆ ನಡುಗಲು ಶುರುವಾದಾಗಲೇ ಗೊತ್ತಾಗುವುದು. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಏರಿನ ದಾರಿಗೆ ಚಾರಣದವರು ಬಳಸುವ ಹಳೆಯ ಲೆಕ್ಕವೊಂದಿದೆ. 1892ರಲ್ಲಿ ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟದ್ದು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ಇಳಿಜಾರಿಗೆ ಏನೂ ಸೇರಿಸಿಲ್ಲ. ಗಟ್ಟಿಮುಟ್ಟಾದ ಗಂಡಾಳಿಗೆ ಅದು ಸರಿಹೋದೀತು, ಸವೆದ ಮಂಡಿಗೆ ಹೊಂದುವುದಿಲ್ಲ. ಘಾಟಿಯ ಇಳಿಜಾರಿನ ಒಂದು ಕಿ.ಮೀ.ಯನ್ನು ಸಮತಟ್ಟಿನ ಒಂದೂವರೆ ಕಿ.ಮೀ. ಎಂದು ಹಿಡಿಯಿರಿ. ಮೆಟ್ಟಿಲಿಳಿಯುವಾಗ ಮೊದಲೇ ಮಂಡಿನೋವು ಇರುವವರಿಗೆ ಒಂದಕ್ಕೆ ಎರಡು.

ಹಾಗಾದರೆ 12 ಕಿ.ಮೀ. ತಳದ ದೂರ ಇರುವವರು ಘಾಟಿಯಲ್ಲಿ ದಿನಕ್ಕೆ 8 ಕಿ.ಮೀ. ಮಾತ್ರ ಇಳಿಯಬಹುದು. ಘಾಟಿಯ ನಡುವೆ ತಂಗುವಂಥ ವ್ಯವಸ್ಥೆ ಇಲ್ಲ, ರಾತ್ರಿ ಅಲ್ಲಿ ಉಳಿಯುವುದೂ ಸರಿಯಲ್ಲ. ಇದಕ್ಕೆ ವಾಹನ ಬೇಕು. 8 ಕಿ.ಮೀ. ಇಳಿದಲ್ಲಿ ಒಂದು ಗುರುತು ಮಾಡಿಕೊಂಡು, ಗಾಡಿಯಲ್ಲಿ ಕೊಟ್ಟಿಗೆಹಾರಕ್ಕೋ ಉಜಿರೆಗೋ ಹೋಗಿ ಮಲಗಿ, ಮಾರನೆ ಬೆಳಿಗ್ಗೆ ಆ ಗುರುತಿನಿಂದಲೇ ಮುಂದುವರಿಯುವುದು. ಯಾತ್ರೆಯ ದಾರಿ ತುಂಡಾಗುವುದಿಲ್ಲ, ಪ್ರತಿ ಮೀಟರನ್ನೂ ನಡೆದಂತೆಯೇ ಆಯಿತು. ಗಾಡಿ ಹತ್ತಿದರೆ ಹರಕೆ ಕೆಡುತ್ತದೆ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಈಗ ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಲೆಕ್ಕಕ್ಕಾಗಿ ಹಾಸನದ ಅರವತ್ತೇಳು ವಯಸ್ಸಿನ ಒಬ್ಬ ಅಮ್ಮನನ್ನು ಇಟ್ಟುಕೊಳ್ಳಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಎಡ ಮಂಡಿ ಮೆಟ್ಟಿಲಿಳಿಯುವಾಗ ಸ್ವಲ್ಪ ನೋಯುತ್ತದೆ. ಹತ್ತು ವಾರದ ತಯಾರಿಯಲ್ಲಿ ತಳದ ದೂರ 11 ಕಿ.ಮೀ.ಗೆ ಬಂದಿದೆ. ಹಾಸನದಿಂದ ಬೇಲೂರು, ಮೂಡಿಗೆರೆ ಮೇಲೆ ಧರ್ಮಸ್ಥಳಕ್ಕೆ 135 ಕಿ.ಮೀ. ಎಂದು ಹಿಡಿಯೋಣ. ಹೊರಡುವ ಮುಂಚೆ ನಿಮ್ಮ ದಾರಿಯನ್ನು ಗಾಡಿಯ ಮೀಟರಿನಲ್ಲಿ ಅಳೆದುಕೊಂಡು ಬನ್ನಿ, ಎರಡು ಮೂರು ಕಿ.ಮೀ. ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮ್ಮನ ಮನೆಯ ಹುಡುಗರ ತಂಡ ಇದನ್ನು ನಾಲ್ಕು ದಿನದಲ್ಲಿ ಮುಗಿಸುತ್ತದೆ.

ಅಮ್ಮನಿಗೆ ಮೊದಲ ಮೂರು ದಿನ ದಿನಕ್ಕೆ 8. ನಾಲ್ಕನೆಯ ದಿನ ಬರೀ 4, ಇದು ಕಾಲನ್ನು ಸಡಿಲಗೊಳಿಸುವ ನಡಿಗೆ, ಒಂಬತ್ತು ಗಂಟೆಯೊಳಗೆ ಮುಗಿದಿರಬೇಕು. ಆಮೇಲೆ 9, 9, 10. ಎಂಟನೆಯ ದಿನ ಪೂರ್ತಿ ಬಿಡುವು. ಮತ್ತೆ 10, 10, 11, ನಂತರ 5. ಹನ್ನೆರಡು ದಿನಕ್ಕೆ 92 ಕಿ.ಮೀ. ಆಗಿ ಕೊಟ್ಟಿಗೆಹಾರದ ಆಸುಪಾಸಿಗೆ ಬಂದಿರುತ್ತಾರೆ. ಘಾಟಿಯ ಹಿಂದಿನ ದಿನವನ್ನು ಬೇಕೆಂದೇ 5ಕ್ಕೆ ಇಳಿಸಿದ್ದೇವೆ. ಘಾಟಿಗೆ ಒಂದಕ್ಕೆ ಒಂದೂವರೆ ಲೆಕ್ಕದಲ್ಲಿ ದಿನಕ್ಕೆ 7 ಕಿ.ಮೀ. ಬರುತ್ತದೆ. 24 ಕಿ.ಮೀ. ಎಂದು ಹಿಡಿದರೂ ನಾಲ್ಕು ದಿನ: 7, 7, 6, 4. ಅವರ ಮಂಡಿ ನೋವು ಇಳಿಯುವಾಗ ಸ್ವಲ್ಪವಷ್ಟೇ ಇರುವುದರಿಂದ ಒಂದೂವರೆ ಹಿಡಿದಿದ್ದೇವೆ. ಎರಡನೆಯ ದಿನ ಅದು ಹೆಚ್ಚಾದರೆ ಒಂದಕ್ಕೆ ಎರಡರ ಲೆಕ್ಕಕ್ಕೆ ಇಳಿದು ದಿನಕ್ಕೆ 5 ಮಾಡಬೇಕು. ಅಲ್ಲಿಗೆ 116 ಕಿ.ಮೀ. ಘಾಟಿ ಇಳಿದ ಮಾರನೆ ದಿನ ಬಿಡುವು, ಯಾಕೆಂದರೆ ಇಳಿಜಾರಿನ ನೋವು ಏರುವುದು ಆಗಲೇ. ಕೊನೆಗೆ 10 ಮತ್ತು 9. ಒಟ್ಟು ಹತ್ತೊಂಬತ್ತು ದಿನ.

ನಾಲ್ಕು ದಿನದ ದಾರಿಗೆ ಹತ್ತೊಂಬತ್ತು ದಿನವೇ ಎಂದು ನಗಬೇಡಿ. ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರರ ಪಾಲಖಿಯ ಜೊತೆ ಸಾವಿರಾರು ವೃದ್ಧರು ನಡೆಯುತ್ತಾರೆ. ನಮ್ಮ ಬೆಳಗಾವಿ ಕಡೆಯ ವಾರಕರಿಗಳಿಗೆ ಇದು ಗೊತ್ತಿದ್ದದ್ದೇ. ಸುಮಾರು 250 ಕಿ.ಮೀ. ದಾರಿಗೆ ಅಲ್ಲಿ ಮೂರು ವಾರದ ಹತ್ತಿರ ಹಿಡಿಯುತ್ತದೆ. ಪುಣೆಯಿಂದ ದಿವೆ ಘಾಟ್ ಏರಿ ಸಾಸವಡ ತಲುಪುವ ಉದ್ದನೆಯ ದಿನದ ಬಳಿಕ ಪಾಲಖಿ ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ.

ಹತ್ತೊಂಬತ್ತು ದಿನ ಸಿಗದಿದ್ದರೆ ಇನ್ನೊಂದು ದಾರಿ. ಅಮ್ಮ ಹುಡುಗರ ನಾಲ್ಕು ದಿನದ ತಂಡದ ಜೊತೆಗೇ ಹೊರಡಲಿ. ಪ್ರತಿದಿನ ಬೆಳಗಿನ ಮೊದಲ 8 ಕಿ.ಮೀ.ಯನ್ನು ಎಲ್ಲರ ಜೊತೆ ನಡೆದು, ತಿಂಡಿಯ ಹೊತ್ತಿಗೆ ಸಾಮಾನಿನ ಗಾಡಿ ಹತ್ತಿ ಸಂಜೆಯ ತಂಗುದಾಣಕ್ಕೆ ಹೋಗಲಿ. ಘಾಟಿಯ ದಿನ ನಡಿಗೆ ಬೇಡ, ಬೇಕೇ ಆದರೆ 5 ಕಿ.ಮೀ. ಸಾಕು. ಕೊನೆಯ ದಿನ ಉಜಿರೆಯಿಂದ ಧರ್ಮಸ್ಥಳದ 9 ಕಿ.ಮೀ. ಎಲ್ಲರ ಜೊತೆ ನಡೆಯಲಿ. ನಮ್ಮ ಅನಿಸಿಕೆಯಲ್ಲಿ ಹೆಚ್ಚಿನ ಮನೆಗಳಿಗೆ ಹೊಂದುವುದು ಇದೇ. ಒಂಟಿಯಾಗಿ ಹಿಂದೆ ಉಳಿದ ಹಿರಿಯರು ತಂಡವನ್ನು ಹಿಡಿಯಲು ಬೀಸು ಹೆಜ್ಜೆ ಹಾಕುವ ಅಪಾಯ ಇಲ್ಲಿ ತಪ್ಪುತ್ತದೆ.

ಹಾಕಿಕೊಂಡ ಲೆಕ್ಕವನ್ನು ದಿನವೂ ತಿದ್ದಬೇಕು, ಮತ್ತು ತಿದ್ದುವುದು ಬೆಳಿಗ್ಗೆ, ಸಂಜೆಯಲ್ಲ. ಸಂಜೆ ಭಜನೆ ಮುಗಿದ ಹುರುಪಿನಲ್ಲಿ ಎಲ್ಲರಿಗೂ ನಾಳೆ ಇಪ್ಪತ್ತು ಕಿ.ಮೀ. ನಡೆಯುವಂತೆ ಅನಿಸುತ್ತದೆ. ಬೆಳಿಗ್ಗೆ ಏಳುವ ಮುನ್ನ ಮಲಗಿದ್ದಲ್ಲೇ ಒಂದು ನಿಮಿಷ ನಾಡಿ ಎಣಿಸಿ. ಹೊರಡುವ ಹಿಂದಿನ ವಾರ ಮನೆಯಲ್ಲಿ ಎಣಿಸಿದ ಸರಾಸರಿಗಿಂತ ಹತ್ತು ಹೆಚ್ಚಿದ್ದರೆ ಅಂದಿನ ದೂರ ಅರ್ಧ. ನಿದ್ದೆಗೇಡು, ನೀರಿನ ಕೊರತೆ, ಶುರುವಾಗುತ್ತಿರುವ ಜ್ವರ, ಮೂರೂ ನಾಡಿಯಲ್ಲಿ ಮೊದಲು ಕಾಣುತ್ತವೆ. ಆಮೇಲೆ ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡಿಸಿ, ಹಿಂದಿನಿಂದ ನೋಡಿ. ಹತ್ತು ನಿಮಿಷದ ಬಳಿಕವೂ ಕುಂಟುತ್ತಿದ್ದರೆ ಅಂದು ನಡಿಗೆಯಿಲ್ಲ. ಕುಂಟುನಡಿಗೆ ಒಂದು ಕಾಲಿನ ನೋವನ್ನು ಎರಡು ದಿನದಲ್ಲಿ ಇನ್ನೊಂದು ಕಾಲಿನ ಸೊಂಟಕ್ಕೆ ಸಾಗಿಸುತ್ತದೆ. ದೂರವನ್ನು ಇಳಿಸಲು ಒಂದು ಕೆಟ್ಟ ಬೆಳಿಗ್ಗೆ ಸಾಕು, ಏರಿಸಲು ಎರಡು ಒಳ್ಳೆಯ ಬೆಳಿಗ್ಗೆ ಬೇಕು.

ಮಾತ್ರೆಗಳು ಈ ಅಳತೆಗಳನ್ನು ಕೆಡಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರಬೇಕಾದಾಗಲೂ ಏರುವುದಿಲ್ಲ. ಅವರಿಗೆ ನಾಡಿ ಬಿಟ್ಟು ಮಾತಿನ ಪರೀಕ್ಷೆ ಮಾಡಿ: ನಡೆಯುತ್ತಾ ಒಂದು ಪೂರ್ತಿ ವಾಕ್ಯವನ್ನು ಉಸಿರು ತುಂಡಾಗದೆ ಹೇಳಲಾಗಬೇಕು. ನೋವಿನ ಮಾತ್ರೆ ಇದಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿ ಹೊರಟವರಿಗೆ ಬೆಳಗಿನ ಪರೀಕ್ಷೆಯೇ ಸುಳ್ಳಾಗುತ್ತದೆ, ಯಾವ ದೂರ ಹೆಚ್ಚಾಯಿತು ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಜೊತೆಗೆ ಬೆವರಿ ನೀರು ಕಡಿಮೆಯಾದ ಮೈಯಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಕೆಲವು ಬಿ.ಪಿ. ಮಾತ್ರೆಗಳ ಮೇಲೆ ಇವು ಬಿದ್ದರೆ ಮೂತ್ರಪಿಂಡಕ್ಕೆ ನೇರ ಪೆಟ್ಟು. ನೋವಿನ ಮಾತ್ರೆ ನುಂಗಿದರೆ ಮಾತ್ರ ನಡೆಯಲಾಗುವ ದಿನ ನಡೆಯಬಾರದ ದಿನ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಎರಡು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ದಿನವಿಡೀ ನಡೆದ ಮೇಲೆ ಅಂದಿನ ರಾತ್ರಿಯೂ ಸಕ್ಕರೆ ಕುಸಿಯಬಹುದು, ಆದ್ದರಿಂದ ಪ್ರಮಾಣ ಬದಲಿಸಬೇಕೇ ಎಂದು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಮತ್ತೆ, ಪಾದದಲ್ಲಿ ಸ್ಪರ್ಶ ಕಡಿಮೆಯಾದವರಿಗೆ ಬೊಬ್ಬೆ ಎದ್ದದ್ದೇ ಗೊತ್ತಾಗುವುದಿಲ್ಲ. ಅವರು ಬರಿಗಾಲಲ್ಲಿ ನಡೆಯಲೇಬಾರದು. ಸಂಜೆ ಮನೆಯವರೊಬ್ಬರು ಅವರ ಅಂಗಾಲನ್ನು, ಬೆರಳ ಸಂದುಗಳನ್ನು ಕಣ್ಣಿಂದ ನೋಡಿ ಕೈಯಿಂದ ಮುಟ್ಟಬೇಕು. ಚರ್ಮ ಒಡೆದಿದ್ದರೆ ಮರುದಿನದ ದೂರ ಸೊನ್ನೆ.

ದೂರ ಕಡಿಮೆ ಮಾಡಿ ಸುಧಾರಿಸುವಂಥದ್ದಲ್ಲದ ಕೆಲವಿವೆ. ಎದೆ ಹಿಡಿದಂತಾಗುವುದು, ಒಂದೇ ಮೀನಖಂಡ ಊದಿ ನೋಯುವುದು, ಪಾದದ ಮೂಳೆಯ ಮೇಲೆ ಒಂದು ಬೆರಳಿಟ್ಟು ತೋರಿಸಬಹುದಾದ ನೋವು, ಬಿಸಿಲಲ್ಲಿ ಮಾತು ತೊದಲಿ ಗಲಿಬಿಲಿಯಾಗುವುದು. ಮೊದಲ ಮೂರಕ್ಕೆ ಕೂಡಲೇ ಆಸ್ಪತ್ರೆ. ಕೊನೆಯದಕ್ಕೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು ಕೋಲಿನ ಬಗ್ಗೆ ಕೇಳಿದರು: ಕೋಲು ಹಿಡಿದರೆ ದೂರ ಹೆಚ್ಚಿಸಬಹುದೇ? ಸಮತಟ್ಟಿನಲ್ಲಿ ಇಲ್ಲ. ಇಳಿಜಾರಿನಲ್ಲಿ ಎರಡು ಕೋಲು ಮಂಡಿಯ ಭಾರದಲ್ಲಿ ಒಂದು ಪಾಲನ್ನು ತೋಳಿಗೆ ಸಾಗಿಸುತ್ತವೆ, ಆದರೂ ಒಂದಕ್ಕೆ ಒಂದೂವರೆಯ ಲೆಕ್ಕವನ್ನು ಸಡಿಲಿಸಬೇಡಿ. ಕೋಲು ನೆಲಕ್ಕೂರಿ ನಿಂತಾಗ ಮೊಣಕೈ ಹೆಚ್ಚುಕಡಿಮೆ ಲಂಬಕೋನಕ್ಕೆ ಮಡಿಚಿರಬೇಕು, ಘಾಟಿಯಲ್ಲಿ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಬಿದಿರಿನ ಕೋಲು ಒಂದೇ ಇದ್ದರೆ ಅದನ್ನು ನೋಯುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಎಡ ಮಂಡಿ ನೋಯುತ್ತಿದ್ದರೆ ಬಲಗೈಯಲ್ಲಿ. ಎಡಗಾಲು ಮತ್ತು ಕೋಲು ಒಟ್ಟಿಗೇ ನೆಲಕ್ಕೆ ಬೀಳಬೇಕು.